ಗುಂಡಿ, ಗುಡ್ಡ ಮತ್ತು ಗೊಂದಲ ಹುಟ್ಟಿಸುವ ಆ ಸೊನ್ನೆ

"ಸರ್, U-x ಗ್ರಾಫ್ ನೋಡಿ ಯಾವುದು ಸ್ಥಿರ, ಯಾವುದು ಅಸ್ಥಿರ, ಯಾವುದು ತಟಸ್ಥ ಸಮತೋಲನ ಅಂತ ಹೇಳೋದು ಹೇಗೆ? ಎರಡನೇ ಡೆರಿವೇಟಿವ್ ಸೊನ್ನೆ ಬಂದ್ರೆ ತಟಸ್ಥ ಅಂತ ಬರೆದುಬಿಡಬಹುದಾ?"

ಎರಡನೆಯದಕ್ಕೆ ಮೊದಲು ಹೇಳಿಬಿಡುತ್ತೇನೆ: ಬರೆಯಬೇಡಿ. ಯಾಕೆ ಅನ್ನುವುದು ಆಮೇಲೆ ಬರುತ್ತದೆ.

ಗ್ರಾಫಿನಲ್ಲಿ ನೋಡಬೇಕಾದದ್ದು ಗೆರೆ ಎಷ್ಟು ಎತ್ತರದಲ್ಲಿದೆ ಅಂತಲ್ಲ, ಎತ್ತ ವಾಲಿದೆ ಅಂತ. U ಅಂದರೆ ವಸ್ತುವಿನ ಪ್ರಚ್ಛನ್ನ ಶಕ್ತಿ, x ಅಂದರೆ ಅದು ಇರುವ ಜಾಗ, F ಅಂದರೆ ಅದರ ಮೇಲಿನ ಫೋರ್ಸ್; F = −dU/dx. ಆ ಮೈನಸ್ ಚಿಹ್ನೆಯೇ ಇಲ್ಲಿ ಮುಖ್ಯ. ಬಲಗಡೆಗೆ ಹೋದಂತೆ ಗೆರೆ ಏರುತ್ತಿದ್ದರೆ ಫೋರ್ಸ್ ಎಡಕ್ಕೆ, ಇಳಿಯುತ್ತಿದ್ದರೆ ಫೋರ್ಸ್ ಬಲಕ್ಕೆ. ಅಂದರೆ ಫೋರ್ಸ್ ಯಾವಾಗಲೂ ಇಳಿಜಾರಿನ ಕಡೆಗೇ ಎಳೆಯುತ್ತದೆ. ಗೆರೆ ಎಲ್ಲಿ ಮಟ್ಟಸವಾಗಿದೆಯೋ ಅಲ್ಲಿ ಫೋರ್ಸ್ ಇಲ್ಲ, ಅದೇ ಸಮತೋಲನದ ಜಾಗ. ಅದು ಯಾವ ಜಾತಿಯದು ಅಂತ ತಿಳಿಯಲು ಆ ಜಾಗದ ಎರಡೂ ಪಕ್ಕ ಸ್ವಲ್ಪ ಸರಿದು, ಫೋರ್ಸ್ ಎತ್ತ ತಳ್ಳುತ್ತದೆ ಅಂತ ನೋಡಿ.

ಒಂದು ಲೆಕ್ಕ ಮಾಡೋಣ. U = x⁴ − 8x² ಅಂತಿರಲಿ, U ಜೂಲ್‌ನಲ್ಲಿ, x ಮೀಟರ್‌ನಲ್ಲಿ. ಆಗ F = −4x(x² − 4). ಇದು ಸೊನ್ನೆಯಾಗುವುದು x = 0, 2, −2 ಈ ಮೂರು ಕಡೆ. ಗ್ರಾಫ್ ಬರೆದರೆ ನಡುವೆ ಒಂದು ಗುಡ್ಡ, ಅಕ್ಕಪಕ್ಕ 16 ಜೂಲ್ ಆಳದ ಎರಡು ಗುಂಡಿ.

x = 2 ಹತ್ತಿರ ನಿಲ್ಲಿ. 2.1ಕ್ಕೆ ಸರಿದರೆ F ಸುಮಾರು −3.4 ನ್ಯೂಟನ್, ಎಡಕ್ಕೆ ತಳ್ಳುತ್ತದೆ. 1.9ಕ್ಕೆ ಬಂದರೆ ಸುಮಾರು +3 ನ್ಯೂಟನ್, ಬಲಕ್ಕೆ ತಳ್ಳುತ್ತದೆ. ಎರಡೂ ಕಡೆಯಿಂದ ವಾಪಸ್ 2ರ ಕಡೆಗೇ, ಹಾಗಾಗಿ ಇದು ಸ್ಥಿರ. ಈಗ x = 0 ನೋಡಿ. 0.1ಕ್ಕೆ ಸರಿದ ಕೂಡಲೇ F ಸುಮಾರು +1.6 ನ್ಯೂಟನ್, ಇನ್ನೂ ಬಲಕ್ಕೆ! ಎಡಕ್ಕೆ ಸರಿದರೆ ಇನ್ನೂ ಎಡಕ್ಕೆ. ಇದು ಅಸ್ಥಿರ.

ಇಲ್ಲೇ ಬಹಳ ಜನ ಇನ್ನೊಂದು ಎಡವಟ್ಟು ಮಾಡುತ್ತಾರೆ. ಗೆರೆ x ಅಕ್ಷವನ್ನು ದಾಟುವ ಜಾಗವನ್ನು ಸಮತೋಲನ ಅಂದುಕೊಳ್ಳುತ್ತಾರೆ. ಈ ಗ್ರಾಫಿನಲ್ಲಿ x = 2.83ರ ಹತ್ತಿರ U ಸೊನ್ನೆ, ಆದರೆ ಅಲ್ಲಿ ಫೋರ್ಸ್ 45 ನ್ಯೂಟನ್ ಇದೆ! U ಎಲ್ಲಿ ಸೊನ್ನೆ ಅನ್ನುವುದು ನಾವೇ ಇಟ್ಟುಕೊಂಡ ಗುರುತು. ಇಡೀ ಗ್ರಾಫನ್ನು 100 ಜೂಲ್ ಮೇಲೆತ್ತಿದರೂ ಫೋರ್ಸ್ ಒಂದಿಷ್ಟೂ ಬದಲಾಗುವುದಿಲ್ಲ.

ಈಗ ಎರಡನೇ ಡೆರಿವೇಟಿವ್. ನಮ್ಮ ಲೆಕ್ಕದಲ್ಲಿ ಅದು 12x² − 16. x = 2ರಲ್ಲಿ +32 ಬರುತ್ತದೆ, ಅಂದರೆ ಗುಂಡಿ. x = 0ಯಲ್ಲಿ −16, ಅಂದರೆ ಗುಡ್ಡ. ಪರೀಕ್ಷೆಯಲ್ಲಿ ಇದು ಬೇಗ ಆಗುವ ದಾರಿ, ಸರಿ. +32 ಸುಮ್ನೆ ಒಂದು ಚಿಹ್ನೆಯೂ ಅಲ್ಲ, ಅದು ಸ್ಪ್ರಿಂಗಿನ k ಇದ್ದ ಹಾಗೆ. 2 ಕಿಲೋ ವಸ್ತುವನ್ನು ಅಲ್ಲಿಟ್ಟು ಸ್ವಲ್ಪ ಅಲುಗಿಸಿದರೆ, ಘರ್ಷಣೆ ಇಲ್ಲದಿದ್ದರೆ, ಸುಮಾರು 1.57 ಸೆಕೆಂಡಿಗೊಮ್ಮೆ ಹೋಗಿ ಬರುತ್ತಿರುತ್ತದೆ.

ಸೊನ್ನೆ ಬಂದಾಗ ಮಾತ್ರ ಈ ದಾರಿ ಕೈಕೊಡುತ್ತದೆ. U = x⁴ ತೆಗೆದುಕೊಳ್ಳಿ. x = 0ಯಲ್ಲಿ ಎರಡನೇ ಡೆರಿವೇಟಿವ್ ಸೊನ್ನೆ. ಆದರೂ ಅದು ಗುಂಡಿಯೇ, ತಳ ಸ್ವಲ್ಪ ಚಪ್ಪಟೆ ಅಷ್ಟೇ. 0.1 ಮೀಟರ್ ಸರಿದರೆ 0.004 ನ್ಯೂಟನ್ ಫೋರ್ಸ್ ವಾಪಸ್ ಎಳೆಯುತ್ತದೆ. ತುಂಬ ಕಡಿಮೆ, ಆದರೆ ದಿಕ್ಕು ಸರಿಯಾಗಿದೆ, ಆದ್ದರಿಂದ ಸ್ಥಿರ. −x⁴ ಆದರೆ ಅಸ್ಥಿರ. U = x³ನಲ್ಲೂ ಅದೇ ಸೊನ್ನೆ. ಅಲ್ಲಿ ಬಲಕ್ಕೆ ಸರಿದರೂ ಎಡಕ್ಕೆ ಸರಿದರೂ ಫೋರ್ಸ್ ಎಡಕ್ಕೇ. ಒಂದು ಕಡೆಯಿಂದ ವಾಪಸ್ ಬಂದದ್ದು ಇನ್ನೊಂದು ಕಡೆಗೆ ಜಾರಿ ಹೋಗಿಬಿಡುತ್ತದೆ, ಹಾಗಾಗಿ ಇದೂ ಅಸ್ಥಿರ. ತಟಸ್ಥ ಅನ್ನಬೇಕಾದರೆ ಒಂದು ಬಿಂದುವಿನಲ್ಲಿ ಸೊನ್ನೆ ಬಂದರೆ ಸಾಲದು. ಆ ಬಿಂದುವಿನ ಸುತ್ತ ಒಂದಷ್ಟು ದೂರ ಗೆರೆ ಪೂರ್ತಿ ಮಟ್ಟಸವಾಗಿರಬೇಕು. ಆಗ ಎಲ್ಲಿಗೆ ಸರಿಸಿದರೂ ಅಲ್ಲೇ ಕೂರುತ್ತದೆ.

ಇನ್ನೊಂದು ವಿಷಯ. ಸ್ಥಿರ ಅಂದರೆ ಎಷ್ಟು ತಳ್ಳಿದರೂ ವಾಪಸ್ ಬರುತ್ತದೆ ಅಂತಲ್ಲ. x = 2ರಲ್ಲಿ ಕೂತಿರುವ ವಸ್ತುವಿಗೆ 9 ಜೂಲ್ ಚಲನ ಶಕ್ತಿ ಕೊಡಿ. ಒಟ್ಟು ಶಕ್ತಿ −16 + 9 = −7 ಜೂಲ್. ಗ್ರಾಫಿನಲ್ಲಿ −7ರ ಎತ್ತರಕ್ಕೆ ಅಡ್ಡಗೆರೆ ಎಳೆಯಿರಿ. ಅದು ಈ ಗುಂಡಿಯ ಗೋಡೆಗಳನ್ನು x = 1 ಮತ್ತು x = 2.65ರಲ್ಲಿ ಮುಟ್ಟುತ್ತದೆ, ವಸ್ತು ಆ ಎರಡರ ನಡುವೆಯೇ ಓಡಾಡುತ್ತದೆ. ಗುಡ್ಡದ ಕಡೆಗೆ 1 ಮೀಟರ್, ಆಚೆ ಕಡೆಗೆ 0.65 ಮಾತ್ರ, ಯಾಕೆಂದರೆ ಆಚೆ ಗೋಡೆ ಕಡಿದಾಗಿದೆ. 16 ಜೂಲ್‌ಗಿಂತ ಜಾಸ್ತಿ ಕೊಟ್ಟರೆ ಗುಡ್ಡ ಹತ್ತಿ ಆ ಕಡೆಯ ಗುಂಡಿಗೂ ಹೋಗುತ್ತದೆ.

ಇಂಥ ಜೋಡಿ ಗುಂಡಿ ಬರೀ ಪುಸ್ತಕದ ಲೆಕ್ಕವಲ್ಲ. ಅಮೋನಿಯಾ ಅಣುವಿನಲ್ಲಿ ಮೂರು ಹೈಡ್ರೋಜನ್‌ಗಳ ಒಂದು ಸಮತಲ ಇರುತ್ತದೆ, ನೈಟ್ರೋಜನ್ ಅದರ ಈ ಕಡೆ ಇಲ್ಲವೇ ಆ ಕಡೆ ಕೂರುತ್ತದೆ. ಸಮತಲದ ಮಧ್ಯದಲ್ಲೇ ಬಂದರೆ ಅದು ಗುಡ್ಡದ ತುದಿ. ಆದರೆ ಅಣುವಿನ ಮಟ್ಟದಲ್ಲಿ ಮೇಲಿನ ಅಡ್ಡಗೆರೆಯ ನಿಯಮ ಪೂರ್ತಿ ನಡೆಯುವುದಿಲ್ಲ. ಗುಡ್ಡ ಹತ್ತುವಷ್ಟು ಶಕ್ತಿ ಇಲ್ಲದಿದ್ದರೂ ಕ್ವಾಂಟಂ ಟನಲಿಂಗ್‌ನಿಂದ ನೈಟ್ರೋಜನ್ ಈ ಕಡೆಯಿಂದ ಆ ಕಡೆಗೆ ಹೋಗಿ ವಾಪಸ್ ಬರುತ್ತಿರುತ್ತದೆ, ಸೆಕೆಂಡಿಗೆ ಸುಮಾರು 2,400 ಕೋಟಿ ಸಲ.