ಟ್ಯೂನಿಕ್ ಡೈರಿ: ಬೆಟ್ಟದ ಬಾಗಿಲು ಕೊನೆಗೂ ತೆರೆಯಿತು

ಮೊದಲೇ ಹೇಳಿಬಿಡುತ್ತೇನೆ. ಟ್ಯೂನಿಕ್ ಅನ್ನುವ ವಿಡಿಯೋ ಗೇಮ್ ಇನ್ನೂ ಆಡಿಲ್ಲದವರು ಇಲ್ಲಿಗೇ ನಿಲ್ಲಿಸಿ. ಈ ಆಟದಲ್ಲಿ ಗುಟ್ಟು ಗೊತ್ತಾದ ಮೇಲೆ ಅದನ್ನು ಮರೆತು ಆಡಲು ಆಗುವುದಿಲ್ಲ.

ಆಡಿದವರಿಗೆ ನೆನಪಿರುತ್ತದೆ: ಹಸಿರು ಅಂಗಿ ತೊಟ್ಟ ಒಂದು ಪುಟ್ಟ ನರಿ, ಕೈಯಲ್ಲಿ ಕೋಲು. ಕೆನಡಾದ ಆಂಡ್ರ್ಯೂ ಶೌಲ್ಡೈಸ್ ವರ್ಷಗಟ್ಟಲೆ ಕೂತು ಮಾಡಿದ ಆಟ, 2022ರಲ್ಲಿ ಬಂತು. ನರಿಗೆ ಅಲ್ಲಲ್ಲಿ ಹಾಳೆಗಳು ಸಿಗುತ್ತವೆ. ಅವು ಇದೇ ಆಟದ ಸೂಚನೆ ಪುಸ್ತಕದ ಹಾಳೆಗಳು. ಹಳೇ ಕಾಲದಲ್ಲಿ ವಿಡಿಯೋ ಗೇಮ್ ಪೆಟ್ಟಿಗೆಯೊಳಗೆ ಬರುತ್ತಿತ್ತಲ್ಲ, ಆ ಥರದ ಪುಸ್ತಕ. ಯಾರೋ ಮೊದಲೇ ಆಡಿ ಪೆನ್ನಿನಲ್ಲಿ ಗೀಚಿದ ಗುರುತುಗಳೂ ಅದರಲ್ಲಿವೆ.

ಮೊದಲ ಎರಡು ವಾರ

ಕೊನೆಯ ಎದುರಾಳಿ ಹೆಯರ್‌ಳನ್ನು ಸೋಲಿಸಿದೆ. ಎಷ್ಟು ಸಲ ಸತ್ತೆ ಅಂತ ಲೆಕ್ಕ ಇಟ್ಟಿಲ್ಲ. ಗೆದ್ದ ಖುಷಿ ಅರ್ಧ ನಿಮಿಷ ಇರಲಿಲ್ಲ. ಹೆಯರ್ ಬಂಧಿಯಾಗಿದ್ದ ಜಾಗಕ್ಕೆ ಈಗ ನನ್ನ ನರಿಯೇ ಹೋಗಿ ಕೂತಿತು. ಗೆದ್ದವರೇ ಮುಂದಿನ ಕೈದಿ. ಆಗ ಪುಸ್ತಕ ತೆರೆದು ನೋಡಿದರೆ ಇನ್ನೂ ಹಾಳೆಗಳು ಖಾಲಿ ಇದ್ದವು. ಇದು ನಿಜವಾದ ಕೊನೆ ಅಲ್ಲ ಅನ್ನುವುದಕ್ಕೆ ಅದೇ ಮೊದಲ ಸುಳಿವು. ಬೆಟ್ಟದ ತುದಿಯಲ್ಲಿ ಒಂದು ಬಾಗಿಲೂ ಇತ್ತು, ಏನು ಮಾಡಿದರೂ ತೆರೆಯುತ್ತಿರಲಿಲ್ಲ.

ಮೂರನೇ ವಾರ: ಲಿಪಿಯ ಹುಚ್ಚು

ಪುಸ್ತಕದಲ್ಲಿ ಬಿಡಿ ಇಂಗ್ಲಿಷ್ ಪದಗಳು ಬಿಟ್ಟರೆ ಮಿಕ್ಕಿದ್ದೆಲ್ಲ ಗೊತ್ತಿಲ್ಲದ ಲಿಪಿ. ಗುಟ್ಟು ಅದರಲ್ಲೇ ಇರಬೇಕು ಅಂತ ಒಂದು ನೋಟ್‌ಬುಕ್ ತಂದು ಕೂತೆ. ಆಟ ಆಡುವವರು ಇದನ್ನು ಟ್ರೂನಿಕ್ ಅನ್ನುತ್ತಾರೆ. ಭಾಷೆ ಇಂಗ್ಲಿಷೇ, ಆದರೆ ಸ್ಪೆಲ್ಲಿಂಗ್ ಇಲ್ಲ. ಬಾಯಲ್ಲಿ ಹೇಗೆ ಹೇಳುತ್ತೇವೋ ಹಾಗೆ ಬರೆದದ್ದು.

ನಾನು ಮೊದಲು ಒಂದು ಚಿಹ್ನೆಗೆ ಒಂದು ಇಂಗ್ಲಿಷ್ ಅಕ್ಷರ ಅಂದುಕೊಂಡೆ. ಚಿಹ್ನೆಗಳು ಮುಗಿಯುವುದೇ ಇಲ್ಲ! ನೂರು ದಾಟಿದ ಮೇಲೆ ಪಟ್ಟಿ ಮಾಡುವುದನ್ನೇ ಬಿಟ್ಟೆ. ನಾಲ್ಕು ದಿನ ಆದ ಮೇಲೆ ಹೊಳೆಯಿತು: ಇದು ನಮ್ಮ ಕಾಗುಣಿತ. ಚಿಹ್ನೆಯ ಒಳಗಿನ ಗೆರೆಗಳು ವ್ಯಂಜನ, ಹೊರ ಅಂಚಿನ ಗೆರೆಗಳು ಸ್ವರ. ಒಳಗಿನದು ಹಾಗೇ ಇದ್ದು ಅಂಚು ಮಾತ್ರ ಬದಲಾದರೆ ಕ, ಕಿ, ಕು ಆದ ಹಾಗೆ. ಅಂಚು ಇಲ್ಲದಿದ್ದರೆ ಬರೀ ಕ್. ಹಾಗಾಗಿ 'ಫಾಕ್ಸ್' ಅನ್ನುವ ಪದಕ್ಕೆ ಮೂರು ಚಿಹ್ನೆ: ಫಾ, ಕ್, ಸ್.

ಒಂದು ವಿಷಯ ಮಾತ್ರ ನಮ್ಮಲ್ಲಿ ಇಲ್ಲ. ಕೆಲವು ಚಿಹ್ನೆಗಳ ಕೆಳಗೆ ಪುಟ್ಟ ಸೊನ್ನೆ ಇರುತ್ತದೆ. ಅದಿದ್ದರೆ ಸ್ವರವನ್ನು ಮೊದಲು ಓದಬೇಕು. ಸೊನ್ನೆ ಇಲ್ಲದೆ 'ಪ' ಅಂತ ಓದುವ ಚಿಹ್ನೆಯೇ ಸೊನ್ನೆ ಬಂದರೆ 'ಅಪ್' ಆಗುತ್ತದೆ. ನಮಗೆ ಅಪ್ ಬರೆಯಲು ಎರಡು ಅಕ್ಷರ ಬೇಕು, ಅವರಿಗೆ ಒಂದೇ ಸಾಕು. ಇದು ಗೊತ್ತಾಗುವ ತನಕ ನನ್ನ ಅರ್ಧ ಪದಗಳು ತಿರುಗುಮುರುಗಾಗಿದ್ದವು.

ಓದಲು ಬಂತು. ಎಷ್ಟೋ ಪುಟ ಓದಿದೆ. ಮಜಾ ಇತ್ತು, ಸುಳ್ಳು ಹೇಳಲ್ಲ. ಆದರೆ ಬೆಟ್ಟದ ಬಾಗಿಲು ಮುಚ್ಚಿಕೊಂಡೇ ಇತ್ತು. ಆ ಬಾಗಿಲಿಗೆ ಈ ಲಿಪಿ ಬರಲೇಬೇಕು ಅಂತೇನಿಲ್ಲ. ಒಂದು ವಾರ ಪಕ್ಕದ ಬೀದಿಯಲ್ಲಿ ಹುಡುಕಿದ ಹಾಗಾಯಿತು.

ನಾಲ್ಕನೇ ವಾರ: ಶಿಲುಬೆ ಎಲ್ಲಿದೆ?

ಪುಸ್ತಕದಲ್ಲಿ 'ಹೋಲಿ ಕ್ರಾಸ್' ಅನ್ನುವ ಮಾತು ಬರುತ್ತದೆ. ಪವಿತ್ರ ಶಿಲುಬೆ. ಯಾವುದೋ ಪೆಟ್ಟಿಗೆಯಲ್ಲಿ ಸಿಗುವ ವಸ್ತು ಇರಬೇಕು ಅಂತ ಸ್ಮಶಾನವನ್ನೆಲ್ಲ ಜಾಲಾಡಿದೆ. ಶಿಲುಬೆ ಇದ್ದದ್ದು ನನ್ನ ಹೆಬ್ಬೆರಳಿನ ಕೆಳಗೆ. ಕಂಟ್ರೋಲರ್‌ನ ಎಡಗಡೆ ಇರುವ ಕೂಡು ಗುರುತಿನ ಬಟನ್, ಡಿ-ಪ್ಯಾಡ್. ನಡೆಯಲು ಸ್ಟಿಕ್ ಬಳಸುವುದರಿಂದ ಅದರ ಕಡೆ ಗಮನವೇ ಹೋಗಿರಲಿಲ್ಲ.

ಇದು ತಿಳಿದ ಮೇಲೆ ಆಟ ಪೂರ್ತಿ ಬೇರೆಯಾಗಿ ಕಂಡಿತು. ಬಾಗಿಲ ಮೇಲಿನ ಅಂಕುಡೊಂಕು ಗೆರೆ ಅಲಂಕಾರ ಅಲ್ಲ. ಅದರ ಎದುರು ನಿಂತು, ಗೆರೆ ಹೋದ ಹಾಗೆ ಮೇಲೆ, ಬಲಕ್ಕೆ, ಕೆಳಗೆ ಅಂತ ಒಂದೊಂದಾಗಿ ಒತ್ತಿದರೆ ತೆರೆಯುತ್ತದೆ. ಮೊದಲ ದಿನದಿಂದ ಇವೆಲ್ಲ ಕಣ್ಣೆದುರೇ ಇದ್ದವು. ಉಳಿದ ಹಾಳೆಗಳಲ್ಲಿ ಕೆಲವು ಹೀಗೇ ಸಿಕ್ಕವು.

ಐದನೇ ವಾರ: 49ನೇ ಪುಟ

ಈ ಪುಟದ ಹೆಸರು 'ಗೋಲ್ಡನ್ ಪಾತ್'. ಚಿನ್ನದ ದಾರಿ. ಪುಟದಲ್ಲಿ ಒಂದು ಚೌಕಳಿ ಇದೆ. ಅದರ ಮನೆಗಳು ನಿಮ್ಮನ್ನು ಪುಸ್ತಕದ ಬೇರೆ ಬೇರೆ ಪುಟಗಳಿಗೆ ಕಳಿಸುತ್ತವೆ. ಆ ಪುಟಕ್ಕೆ ಹೋದರೆ ಅಲ್ಲಿ ಎಲ್ಲೋ ಒಂದು ತುಂಡು ಗೆರೆ. ಕೆಲವು ಎದ್ದು ಕಾಣುತ್ತವೆ. ಕೆಲವು ಚಿತ್ರದ ಒಳಗೇ ಸೇರಿಕೊಂಡಿವೆ, ಹತ್ತು ಸಲ ನೋಡಿದ ಪುಟದಲ್ಲೂ ಕಾಣುವುದಿಲ್ಲ. ಎಲ್ಲ ತುಂಡುಗಳನ್ನು ಅವುಗಳ ಮನೆಯಲ್ಲಿ ಇಟ್ಟರೆ ಒಂದೇ ಉದ್ದದ ದಾರಿ ಆಗುತ್ತದೆ. ಆ ದಾರಿಯೇ ಬೆಟ್ಟದ ಬಾಗಿಲಿಗೆ ಒತ್ತಬೇಕಾದದ್ದು.

ನಾನು ಮೊದಲು ಪ್ರತಿ ತುಂಡನ್ನೂ ಬಾಣದ ಗುರುತಲ್ಲಿ ಬರೆದುಕೊಂಡೆ. ತಪ್ಪು ಮಾಡಿದೆ. ಬಾಣದ ಸಾಲಿನಲ್ಲಿ ತಪ್ಪಾದರೆ ಎಲ್ಲಿ ತಪ್ಪಿತು ಅಂತ ಗೊತ್ತೇ ಆಗುವುದಿಲ್ಲ. ಹಾಗಾಗಿ ಎಲ್ಲ ಬಿಟ್ಟು ಚೌಕಳಿ ಹಾಳೆ ತಗೊಂಡು, ಗೆರೆಗಳನ್ನು ಇದ್ದ ಹಾಗೇ ಬರೆದೆ. ಈಗ ತಪ್ಪು ತಾನಾಗಿ ಕಾಣುತ್ತದೆ: ಒಂದು ಮನೆಯಿಂದ ಗೆರೆ ಎಲ್ಲಿ ಹೊರಗೆ ಬರುತ್ತದೋ ಪಕ್ಕದ ಮನೆಗೆ ಅಲ್ಲಿಂದಲೇ ಒಳಗೆ ಹೋಗಬೇಕು. ನನ್ನ ಎರಡು ಮನೆ ಸೇರುತ್ತಿರಲಿಲ್ಲ. ಒಂದರಲ್ಲಿ ಗೆರೆ ನೋಡಿ ಬರೆಯುವಾಗ ಒಂದು ತಿರುವು ಬಿಟ್ಟಿದ್ದೆ. ಇನ್ನೊಂದರಲ್ಲಿ ಚಿತ್ರದ ಅಂಚನ್ನೇ ಗೆರೆ ಅಂದುಕೊಂಡಿದ್ದೆ.

ಭಾನುವಾರ ರಾತ್ರಿ

ಬೆಟ್ಟದ ತುದಿ. ತಂಗಿ ಊರಿಂದ ಬಂದಿದ್ದಳು. ಅವಳ ಕೈಗೆ ಹಾಳೆ ಕೊಟ್ಟು, "ನೀನು ಓದ್ತಾ ಹೋಗು, ನಾನು ಒತ್ತುತ್ತೀನಿ" ಅಂದೆ. ಮೊದಲ ಸಲ ಕೊನೆಯವರೆಗೂ ಹೋದೆವು. ಬಾಗಿಲು ಅಲುಗಲಿಲ್ಲ. ಎರಡನೇ ಸಲವೂ ಇಲ್ಲ.

"ಅಣ್ಣ, ಮನೆ ದಾಟೋ ಕಡೆ ನಾನು ಎರಡು ಸಲ 'ಬಲ' ಅಂದ್ನಾ?" ಅಂದಳು.

"ಅಂದೆ. ಈ ಮನೇಲಿ ಒಂದು, ಆ ಮನೇಲಿ ಒಂದು."

"ಅದು ಒಂದೇ ಗೆರೆ ಅಲ್ವೇನೋ? ಮಧ್ಯದಲ್ಲಿ ಮನೆಯ ಅಂಚು ಬಂದಿದೆ ಅಷ್ಟೇ."

ಸರಿ ಅನಿಸಿತು. ಅರ್ಧ ಗೆರೆ ಇಲ್ಲಿ, ಅರ್ಧ ಗೆರೆ ಅಲ್ಲಿ, ಸೇರಿದರೆ ಒಂದು ಹೆಜ್ಜೆ. ನಾನು ಪ್ರತಿ ಗಡಿಯಲ್ಲೂ ಎರಡು ಲೆಕ್ಕ ಹಾಕಿದ್ದೆ. ಹಾಳೆಯ ಮೇಲೆ ಪೆನ್ಸಿಲ್‌ನಲ್ಲಿ ಪ್ರತಿ ಹೆಜ್ಜೆಗೂ ಒಂದು ಚುಕ್ಕೆ ಇಟ್ಟು ಮತ್ತೆ ಎಣಿಸಿದೆವು.

ಮೂರನೇ ಸಲವೂ ಆಗಲಿಲ್ಲ. ಈ ಸಲ ತಪ್ಪು ನನ್ನ ಹಳೇ ಕಂಟ್ರೋಲರ್‌ದು. ಅದರ ಡಿ-ಪ್ಯಾಡ್ ಸವೆದು, 'ಮೇಲೆ' ಒತ್ತಿದರೆ ಆಗಾಗ ಪಕ್ಕದ್ದೂ ಒತ್ತಿಕೊಳ್ಳುತ್ತದೆ. ಇಷ್ಟುದ್ದದ ದಾರಿಯಲ್ಲಿ ಒಂದು ತಪ್ಪಿದರೂ ಎಲ್ಲ ಹೋಯಿತು. ಅದನ್ನು ಪಕ್ಕಕ್ಕಿಟ್ಟು ಕೀಬೋರ್ಡ್‌ನ ಬಾಣದ ಕೀಗಳಲ್ಲಿ ನಿಧಾನವಾಗಿ ಒತ್ತಿದೆ. ತಂಗಿ ಹತ್ತತ್ತಕ್ಕೆ ಒಂದು ಟಿಕ್ ಹಾಕುತ್ತಾ ಹೋದಳು. ಕೊನೆಯ ಟಿಕ್ ಹಾಕುವ ಮೊದಲೇ ಬಾಗಿಲು ತೆರೆಯಿತು. ಇಬ್ಬರೂ ಕೂಗಿದ್ದಕ್ಕೆ ಒಳಗಿನಿಂದ ಅಮ್ಮ ಬೈದರು.

ಒಳಗೆ ನನಗೆ ಬಾಕಿ ಇದ್ದ ಕೊನೆಯ ಹಾಳೆ. ಪೂರ್ತಿ ಪುಸ್ತಕ ಹಿಡಿದು ಹೆಯರ್ ಎದುರಿಗೆ ಹೋದರೆ ಈ ಸಲ ಕತ್ತಿ ಎತ್ತಲೇ ಇಲ್ಲ. ನರಿ ಪುಸ್ತಕ ಕೊಟ್ಟಿತು. ಬಂಧನ ಅಲ್ಲಿಗೆ ಮುಗಿಯಿತು. ಎರಡು ವಾರ ನಾನು ಹೊಡೆದಾಡಿದ್ದು ಇವಳ ಜೊತೆಗಾ ಅನಿಸಿ ಸ್ವಲ್ಪ ನಾಚಿಕೆಯೂ ಆಯಿತು.

ಇನ್ನು ಬಾಕಿ ಇರುವುದು ಸದ್ದು. ಆಟದಲ್ಲಿ ಅಲ್ಲಲ್ಲಿ ಕೇಳುವ ಪುಟ್ಟ ಸ್ವರಗಳ ಸಾಲಿನಲ್ಲೂ ಇದೇ ಕಾಗುಣಿತ ಅಡಗಿದೆಯಂತೆ. ತಂಗಿಗೆ ಹಾರ್ಮೋನಿಯಂ ಬರುತ್ತದೆ. ಮುಂದಿನ ತಿಂಗಳು ಮತ್ತೆ ಬರುತ್ತೇನೆ ಅಂದಿದ್ದಾಳೆ.