ಗಂಜಿ ಕುಡಿದರೂ 286

18 ನವೆಂಬರ್ 2025, ಮಂಗಳವಾರ ರಾತ್ರಿ

ಅಮ್ಮ ಈಗ ಮಲಗಿದಳು. ಹಲ್ಲುಸೆಟ್ಟು ಬಟ್ಟಲಲ್ಲಿ ನೆನೆಯುತ್ತಿದೆ. ಅದನ್ನು ತೆಗೆಸೋದಕ್ಕೇ ಅರ್ಧ ಗಂಟೆ ಜಗಳ.

ಗಂಟಲು ನೋವು ಶುರುವಾಗಿ ಹತ್ತು ದಿನ. ಮೊದಲೆರಡು ದಿನ ಬರೀ ಗಂಜಿ ಕುಡಿದಳು. ಮೂರನೇ ದಿನ ಬೆಳಿಗ್ಗೆ ಬೆರಳು ಚುಚ್ಚಿ ಶುಗರ್ ನೋಡಿದರೆ ಮೀಟರಿನಲ್ಲಿ 286! ಯಾವಾಗಲೂ 130ರ ಆಸುಪಾಸು ಇರೋದು. "ಏನಮ್ಮಾ ತಿಂದೆ?" ಅಂದೆ. "ಉಗುಳು ನುಂಗೋಕೇ ಆಗ್ತಿಲ್ಲ, ಜಿಲೇಬಿ ತಿಂತೀನಾ?" ಅಂತ ರೇಗಿದಳು. ನಾನು ನಂಬಲಿಲ್ಲ. ಸಕ್ಕರೆ ಡಬ್ಬ ಅಟ್ಟಕ್ಕೇರಿಸಿದೆ.

ಇವತ್ತು ಡಾಕ್ಟರ್ ಹೇಳಿದ್ದು ಕೇಳಿ ತಲೆ ತಗ್ಗಿಸಿದೆ. ಸೋಂಕು ಬಂದಾಗ ಮೈ ಕಾರ್ಟಿಸಾಲ್, ಅಡ್ರಿನಾಲಿನ್ ಅನ್ನೋ ಹಾರ್ಮೋನು ಜಾಸ್ತಿ ಬಿಡುತ್ತಂತೆ. ಅವುಗಳಿಂದ ಲಿವರ್ ತನ್ನಲ್ಲಿರೋ ಸಕ್ಕರೆಯನ್ನು ರಕ್ತಕ್ಕೆ ಸುರಿಯುತ್ತದೆ, ಇನ್ಸುಲಿನ್ ಮಾತು ಮೈ ಕೇಳೋದಿಲ್ಲ. ಊಟ ಬಿಟ್ಟರೂ ಶುಗರ್ ಏರೋದು ಹಾಗೆ. ಅಮ್ಮನೋ, ತಿಂದಿಲ್ಲವಲ್ಲ ಅಂತ ಶುಗರ್ ಮಾತ್ರೆಯನ್ನೂ ಬಿಟ್ಟಿದ್ದಳು. "ನೀವೇ ನಿಲ್ಲಿಸಬೇಡಿ. ವಾಂತಿಯಾಗಿ ನೀರೂ ನಿಲ್ಲದಿದ್ದರೆ ತಕ್ಷಣ ಫೋನ್ ಮಾಡಿ, ಆಗ ಲೆಕ್ಕ ಬೇರೆ" ಅಂದರು.

ನನ್ನ ತಪ್ಪು ಇನ್ನೊಂದಿದೆ. ಹೋದ ವರ್ಷ ಉಳಿದಿದ್ದ ಆಂಟಿಬಯೋಟಿಕ್ ಐದು ದಿನ ನುಂಗಿಸಿದ್ದೆ. ನೋವು ಕಮ್ಮಿಯಾಗಲಿಲ್ಲ. ಸಾರಿನ ರುಚಿ ಗೊತ್ತಾಗ್ತಿಲ್ಲ, ಬಾಯಲ್ಲಿ ಹತ್ತಿ ತುರುಕಿದ ಹಾಗಿದೆ ಅನ್ನತೊಡಗಿದಳು. ಡಾಕ್ಟರ್ ಹಲ್ಲುಸೆಟ್ಟು ತೆಗೆಸಿ ಟಾರ್ಚ್ ಬಿಟ್ಟರು. ಅಂಗುಳು, ಗಂಟಲಿನ ಹಿಂದೆಲ್ಲ ಮೊಸರು ಅಂಟಿದ ಹಾಗೆ ಬಿಳಿ. ಬಟ್ಟೆ ತುಣುಕಿನಲ್ಲಿ ಒರೆಸಿದರೆ ಕಿತ್ತು ಬಂತು, ಕೆಳಗೆ ಕೆಂಪು ಕೆಂಪು, ಒಂದು ಚುಕ್ಕಿ ರಕ್ತ.

ಕ್ಯಾಂಡಿಡಾ ಅನ್ನೋ ಫಂಗಸ್. ಎಷ್ಟೋ ಜನರ ಬಾಯಲ್ಲಿ ಸುಮ್ನೆ ಇರುತ್ತಂತೆ. ಶುಗರ್ ಏರಿದಾಗ ಎಂಜಲಿನಲ್ಲೂ ಸಕ್ಕರೆ ಜಾಸ್ತಿ, ಅದಕ್ಕೆ ಮೇವು ಸಿಕ್ಕಿತು. ಬಾಯಿ ಒಣಗಿ ತೊಳೆದು ಹೋಗೋದೂ ಕಮ್ಮಿಯಾಯ್ತು. ಕಾಯಬೇಕಾದ ಬಿಳಿ ರಕ್ತಕಣಗಳೂ ಮಂಕು. ಅದನ್ನು ಅಂಕೆಯಲ್ಲಿಟ್ಟಿದ್ದ ಬ್ಯಾಕ್ಟೀರಿಯಾವನ್ನು ನನ್ನ ಮಾತ್ರೆ ಕೊಂದಿತು. ರಾತ್ರಿಯಿಡೀ ಬಾಯಲ್ಲೇ ಇದ್ದ ಹಲ್ಲುಸೆಟ್ಟು ಬೇರೆ.

ಫಂಗಸ್ಸಿಗೆ ಫ್ಲುಕೊನಜೋಲ್ ಮಾತ್ರೆ ಬರೆದರು. ಆಮೇಲೆ ಹಳೇ ಚೀಟಿ ನೋಡಿ ಪೆನ್ನು ನಿಲ್ಲಿಸಿದರು. ಅಮ್ಮ ತಗೊಳ್ಳೋ ಶುಗರ್ ಮಾತ್ರೆ ಗ್ಲಿಮಿಪಿರೈಡ್. ಫ್ಲುಕೊನಜೋಲ್ ಜೊತೆಗಿದ್ದರೆ ಅದು ಮೈಯಿಂದ ಬೇಗ ಹೋಗೋಲ್ಲ, ಶುಗರ್ ಧಡಕ್ಕನೆ ಇಳಿಯಬಹುದು. ಅದಕ್ಕೆ ಗ್ಲಿಮಿಪಿರೈಡ್ ಅರ್ಧ ಮಾಡಿದರು. ಬೆವರು, ನಡುಕ, ತಡಬಡ ಮಾತು ಕಂಡರೆ ಮೀಟರ್ ಹಿಡಿಯಿರಿ, 70ಕ್ಕಿಂತ ಕೆಳಗಿದ್ದರೆ ಮೂರು ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿಸಿ, ಕಾಲು ಗಂಟೆ ಬಿಟ್ಟು ಮತ್ತೆ ನೋಡಿ ಅಂದರು.

ಮಲಗೋ ಮುಂಚೆ 178. ಮೂರು ಗಂಟೆಗೆ ಅಲಾರಂ ಇಟ್ಟಿದ್ದೀನಿ. ಅಟ್ಟದಿಂದ ಸಕ್ಕರೆ ಡಬ್ಬ ಇಳಿಸಿ ಅಮ್ಮನ ದಿಂಬಿನ ಪಕ್ಕಕ್ಕಿಟ್ಟೆ. ಕಣ್ಣು ಬಿಟ್ಟು ನೋಡಿದರೆ ಏನಂತಾಳೋ...