50 ನಿಮಿಷದ ಪಾಠ, ನಾಲ್ಕು ಪುಟದ ನೋಟ್ಸ್

ಅಕ್ಕನ ಮಗಳು ನರ್ಸಿಂಗ್ ಮೊದಲ ವರ್ಷದಲ್ಲಿ ಓದುತ್ತಿದ್ದಾಳೆ. ಚಿಕನ್‌ಪಾಕ್ಸ್ ಬಂದು ಮನೆಯಲ್ಲೇ ಇದ್ದ ಹೊತ್ತಿನಲ್ಲಿ ಫಿಸಿಯಾಲಜಿಯಲ್ಲಿ ಕಿಡ್ನಿಯ ಪಾಠ ಮುಗಿದುಹೋಗಿತ್ತು. ಮೇಡಂ ಅವರನ್ನು ಕೇಳಿಕೊಂಡೇ ಗೆಳತಿಯೊಬ್ಬಳು ಪಾಠವನ್ನು ರೆಕಾರ್ಡ್ ಮಾಡಿದ್ದಳು. ಫೋನಿನ ಆಪ್ ಅದನ್ನು ಕೇಳಿಸಿಕೊಂಡು ಅಕ್ಷರಕ್ಕೆ ಇಳಿಸಿತ್ತು. ಆ ಟ್ರಾನ್ಸ್‌ಕ್ರಿಪ್ಟಿನ ಪ್ರಿಂಟ್ ಹಿಡಿದುಕೊಂಡು ಭಾನುವಾರ ಬೆಳಿಗ್ಗೆ ನಮ್ಮ ಮನೆಗೆ ಬಂದಳು. "ಚಿಕ್ಕಮ್ಮ, ಎಷ್ಟು ಓದಿದ್ರೂ ತಲೆಗೆ ಹತ್ತುತ್ತಿಲ್ಲ" ಅಂದಳು. ನಾನು ಪಿಯುಸಿಗೆ ಜೀವಶಾಸ್ತ್ರ ಹೇಳಿಕೊಡುವವಳು. ಸಂಜೆಯವರೆಗೆ ಇಬ್ಬರೂ ಅದರ ಮೇಲೇ ಕೂತೆವು.

ಅವಳು ಆಗಲೇ ಪ್ರಿಂಟಿನ ಮೇಲೆ ಹಳದಿ ಪೆನ್ ಆಡಿಸಿದ್ದಳು. ಮುಕ್ಕಾಲು ಭಾಗ ಹಳದಿಯೇ ಆಗಿತ್ತು. ಅದರಲ್ಲಿ ಅವಳ ತಪ್ಪೇನಿಲ್ಲ. ಮಾತಾಡಿದ ಪಾಠದಲ್ಲಿ ಎಲ್ಲ ವಾಕ್ಯವೂ ಒಂದೇ ಎತ್ತರದಲ್ಲಿ ಇರುವಂತೆ ಕಾಣುತ್ತದೆ. ತರಗತಿಯಲ್ಲಿ ಕೂತವರಿಗೆ ಮೇಡಂ ದನಿ ಏರಿಸಿದ್ದು, ಬೋರ್ಡಿನ ಮೇಲೆ ಎರಡು ಸಲ ಗೆರೆ ಎಳೆದದ್ದು ಗೊತ್ತಾಗುತ್ತದೆ. ಕಾಗದದ ಮೇಲೆ ಅದ್ಯಾವುದೂ ಇರುವುದಿಲ್ಲ. ಹಾಗಾಗಿ ಮೊದಲ ಓದಿನಲ್ಲಿ ಏನನ್ನೂ ಹೊಡೆದುಹಾಕುವುದು ಬೇಡ, ವಿಷಯ ಎಲ್ಲಿ ತಿರುಗುತ್ತದೋ ಅಲ್ಲಿ ಪಕ್ಕದಲ್ಲಿ ಒಂದು ಅಡ್ಡಗೆರೆ ಹಾಕಿ ನಿಮಿಷ ಬರೆದುಕೋ ಅಂದೆ.

ಗೆರೆ ಹಾಕುತ್ತಾ ಹೋದ ಹಾಗೆ ಪಾಠದ ನಡೆ ಕಾಣಿಸಿತು. ಹಾಜರಿ, ಹಿಂದಿನ ಪಾಠದ ಎರಡು ಮಾತು, ಕಿಡ್ನಿಯಲ್ಲಿ ಸೋಸುವ ಕೆಲಸ ಮಾಡುವ ಸಣ್ಣ ಘಟಕವಾದ ನೆಫ್ರಾನಿನ ರಚನೆ, ಆಮೇಲೆ ರಕ್ತ ಸೋಸುವ ವಿಷಯ. 17ನೇ ನಿಮಿಷದಲ್ಲಿ ಯಾರೋ ಒಬ್ಬ ಹುಡುಗ "ಮೇಡಂ, ನೀರು ಜಾಸ್ತಿ ಕುಡಿದರೆ ಮೂತ್ರ ಯಾಕೆ ತಿಳಿಯಾಗುತ್ತೆ?" ಅಂತ ಕೇಳಿದ್ದಾನೆ. ಮೇಡಂ ಅಲ್ಲೇ ನಿಂತು ಮೈಯಲ್ಲಿ ನೀರು ಉಳಿಸುವ ಎಡಿಎಚ್ ಹಾರ್ಮೋನಿನ ವಿಷಯ ಹೇಳಿ, ಮತ್ತೆ ಸೋಸುವಿಕೆಗೆ ವಾಪಸ್ ಬಂದಿದ್ದಾರೆ. ಎಡಿಎಚ್ ಮತ್ತೆ ಬರುವುದು 41ನೇ ನಿಮಿಷಕ್ಕೆ. ಪಾಠ ಮಾಡುವಾಗ ಇದು ಒಳ್ಳೆಯದೇ, ಕೇಳಿದ ಪ್ರಶ್ನೆಗೆ ಅಲ್ಲೇ ಉತ್ತರ ಸಿಗಬೇಕು ಅಲ್ವಾ. ಆದರೆ ನೋಟ್ಸಿನಲ್ಲಿ ಅದೇ ಕ್ರಮ ಇಟ್ಟರೆ, ಸಂಗ್ರಾಹಕ ನಾಳ ಅಂದರೇನು ಅಂತ ಗೊತ್ತಾಗುವ ಮೊದಲೇ ಅದರ ಮೇಲೆ ಕೆಲಸ ಮಾಡುವ ಹಾರ್ಮೋನು ಬಂದು ಕೂರುತ್ತದೆ. 17ನೇ ನಿಮಿಷದ ಆ ಭಾಗವನ್ನು ಎತ್ತಿ 41ನೇ ನಿಮಿಷದ ಪಕ್ಕಕ್ಕೆ ಇಟ್ಟೆವು. ಹುಡುಗನ ಪ್ರಶ್ನೆಯನ್ನು ಮಾತ್ರ ಹಾಗೇ ಉಳಿಸಿಕೊಂಡೆವು. ಆ ಭಾಗಕ್ಕೆ ಅದಕ್ಕಿಂತ ಒಳ್ಳೆಯ ತಲೆಬರಹ ನನಗೆ ಹೊಳೆಯಲಿಲ್ಲ.

ತಲೆಬರಹದ ವಿಷಯಕ್ಕೆ ನಾನು ಸ್ವಲ್ಪ ಹಟ ಮಾಡುತ್ತೇನೆ. ಅವಳು ಮೊದಲು ಬರೆದದ್ದು ಪೀಠಿಕೆ, ರಚನೆ, ಕಾರ್ಯ, ಇತರೆ ಅಂತ. ಇವನ್ನು ಯಾವ ಪಾಠಕ್ಕೆ ಬೇಕಾದರೂ ಅಂಟಿಸಬಹುದು. ತಲೆಬರಹ ನೋಡಿದ ತಕ್ಷಣ ಕೆಳಗೆ ಏನು ಸಿಗುತ್ತದೆ ಅಂತ ತಿಳಿಯಬೇಕು. ಬರೀ ತಲೆಬರಹಗಳನ್ನೇ ಓದಿಕೊಂಡು ಹೋದರೂ ಪಾಠದ ದಾರಿ ಸಿಗಬೇಕು. ಕೊನೆಗೆ ನಾವು ಇಟ್ಟದ್ದು ಹೀಗಿತ್ತು: ನೆಫ್ರಾನಿನಲ್ಲಿ ಏನೇನು ಭಾಗ? ರಕ್ತದಿಂದ ಏನು ಸೋಸಿ ಬರುತ್ತದೆ? ಮೊದಲ ಸುರುಳಿಯಲ್ಲಿ ಏನು ವಾಪಸ್ ಹೋಗುತ್ತದೆ? ಹೆನ್ಲೆ ಕುಣಿಕೆ ಕಿಡ್ನಿಯ ಒಳಭಾಗವನ್ನು ಹೇಗೆ ಉಪ್ಪಾಗಿಸುತ್ತದೆ? ನೀರು ಜಾಸ್ತಿ ಕುಡಿದರೆ ಮೂತ್ರ ಯಾಕೆ ತಿಳಿಯಾಗುತ್ತದೆ? ಪ್ರತಿ ಪ್ಯಾರಾದ ಮೇಲೂ ಬೆರಳಿಟ್ಟು, ಇದು ಮೇಲಿನ ಪ್ರಶ್ನೆಗೆ ಉತ್ತರ ಕೊಡುತ್ತಿದೆಯಾ ಅಂತ ಕೇಳಿಕೊಂಡೆವು. ಕೊಡದ ಪ್ಯಾರಾಗಳಿಗೆ ಬೇರೆ ಜಾಗ ಹುಡುಕಿದೆವು. ಕೆಲವಕ್ಕೆ ಜಾಗವೇ ಬೇಕಿರಲಿಲ್ಲ.

ಇನ್ನು ತಪ್ಪುಗಳ ಮಾತು. ರಕ್ತ ಸೋಸುವ ಸಣ್ಣ ರಕ್ತನಾಳಗಳ ಗೊಂಚಲಾದ ಗ್ಲೊಮೆರುಲಸ್ ಅನ್ನುವುದನ್ನು ಆಪ್ ಉದ್ದಕ್ಕೂ 'ಗ್ಲಾಮರಸ್' ಅಂತ ಬರೆದಿತ್ತು. ಇಂಥದ್ದು ಕಣ್ಣಿಗೆ ಬೀಳುತ್ತದೆ, ಯಾರು ಬೇಕಾದರೂ ತಿದ್ದುತ್ತಾರೆ. ಭಯ ಇರುವುದು ಓದಿದರೆ ಸರಿಯಾಗೇ ಕೇಳಿಸುವ ತಪ್ಪುಗಳ ಬಗ್ಗೆ. ಒಂದು ಕಡೆ 'ನಿಮಿಷಕ್ಕೆ 125 ಲೀಟರ್ ಸೋಸುತ್ತದೆ' ಅಂತ ಇತ್ತು. ದೊಡ್ಡವರ ಮೈಯಲ್ಲಿ ಇರುವ ರಕ್ತವೇ ಸುಮಾರು 5 ಲೀಟರ್. ಅಂದಮೇಲೆ ಅದು ಮಿಲಿಲೀಟರ್ ಆಗಿರಬೇಕು. ಪಾಠದಲ್ಲೇ ಮುಂದೆ 'ದಿನಕ್ಕೆ 180 ಲೀಟರ್' ಅಂತಲೂ ಬಂದಿತ್ತು. 125 × 60 × 24 ಮಾಡಿ ನೋಡು ಅಂದೆ. 1,80,000 ಮಿಲಿಲೀಟರ್ ಬಂತು, ಅಂದರೆ 180 ಲೀಟರ್. ಎರಡು ಸಂಖ್ಯೆ ಒಂದನ್ನೊಂದು ಹಿಡಿದುಕೊಂಡವು. ಪಾಠದಲ್ಲಿ ಎರಡು ಸಂಖ್ಯೆ ಸಿಕ್ಕಿದರೆ ಹೀಗೆ ತಾಳೆ ಹಾಕಿ ನೋಡುವುದು ಒಂದು ನಿಮಿಷದ ಕೆಲಸ.

ಅದಕ್ಕಿಂತ ಕಷ್ಟದ್ದು, ನೆಫ್ರಾನಿನ ನಳಿಕೆ ಕೆಳಗಿಳಿದು ಮತ್ತೆ ಮೇಲೇರುವ ಹೆನ್ಲೆ ಕುಣಿಕೆಯಲ್ಲಿ ಸಿಕ್ಕಿತು. ಟ್ರಾನ್ಸ್‌ಕ್ರಿಪ್ಟಿನಲ್ಲಿ ಇಳಿಯುವ ಕವಲೂ ನೀರಿಗೆ ಪರ್ಮಿಯಬಲ್, ಏರುವ ಕವಲೂ ನೀರಿಗೆ ಪರ್ಮಿಯಬಲ್ ಅಂತ ಇತ್ತು. ವಾಕ್ಯದಲ್ಲಿ ಏನೂ ಕೊಂಕಿಲ್ಲ, ಹಾಗೇ ನೋಟ್ಸಿಗೆ ಇಳಿದುಬಿಡುತ್ತದೆ. ಆದರೆ ಎರಡರಲ್ಲೂ ನೀರು ಹೊರಗೆ ಹೋಗುವ ಹಾಗಿದ್ದರೆ ಈ ಕುಣಿಕೆಯಿಂದ ಆಗುವ ಕೆಲಸವೇ ಇಲ್ಲ. ಏರುವ ಕವಲಿನಿಂದ ಉಪ್ಪನ್ನು ಹೊರಗೆ ಹಾಕಿದಾಗ ನೀರು ಒಳಗೇ ಉಳಿಯಬೇಕು. ನೀರೂ ಉಪ್ಪಿನ ಹಿಂದೆಯೇ ಹೋದರೆ ಕುಣಿಕೆಯ ಸುತ್ತಲಿನ ಭಾಗ ಉಪ್ಪಾಗುವುದು ಹೇಗೆ? ಅದೇ ಪುಟದಲ್ಲಿ ಮೇಡಂ ಹೇಳಿದ ಸಂಖ್ಯೆಗಳೂ ಇದ್ದವು. ಕಿಡ್ನಿಯ ಹೊರಪದರದಲ್ಲಿ ದ್ರವದ ಸಾಂದ್ರತೆ 300 ಮಿಲಿಆಸ್ಮೋಲ್, ಒಳಗೆ ತುದಿಗೆ ಹೋದಾಗ 1200, ಏರುವ ಕವಲು ಮುಗಿಸಿ ಹೊರಬರುವಾಗ ನಳಿಕೆಯ ದ್ರವ ಸುಮಾರು 100. ನೀರನ್ನು ಬಿಟ್ಟುಕೊಡದೆ ಉಪ್ಪನ್ನು ಮಾತ್ರ ಕಳೆದುಕೊಂಡರೆ ತಾನೇ 300ಕ್ಕಿಂತ ಕೆಳಗೆ ಇಳಿಯುವುದು! ಆ ಜಾಗದ ನಿಮಿಷ ನೋಡಿ ಆಡಿಯೋ ಹಾಕಿದೆವು. ಮೇಡಂ ಸ್ಪಷ್ಟವಾಗಿಯೇ 'ಇಂಪರ್ಮಿಯಬಲ್' ಅಂದಿದ್ದರು. ಅದೇ ಕ್ಷಣಕ್ಕೆ ಯಾರೋ ಬೆಂಚು ಎಳೆದಿದ್ದಾರೆ. ಆಪಿಗೆ ಮೊದಲ ಅಕ್ಷರ ಆ ಸದ್ದಿನಲ್ಲಿ ಮುಳುಗಿಹೋಗಿದೆ.

'ಅಲ್ಲ', 'ಇಲ್ಲ', 'ಹೆಚ್ಚು', 'ಕಡಿಮೆ', 'ಒಳಗೆ', 'ಹೊರಗೆ' ಇರುವ ವಾಕ್ಯಗಳನ್ನೆಲ್ಲ ಆಮೇಲೆ ಕಿವಿಗೊಟ್ಟು ಕೇಳಿಯೇ ಒಪ್ಪಿಕೊಂಡೆವು. ಇಡೀ ಪಾಠ ಮತ್ತೆ ಕೇಳುವುದಕ್ಕೆ ಹೊತ್ತಿಲ್ಲದಿದ್ದರೂ ಇಷ್ಟನ್ನಾದರೂ ಕೇಳಬೇಕು.

ಇನ್ನೊಂದು ತೊಡಕು 'ಇದು ಇಲ್ಲಿಂದ ಹೀಗೆ ಹೋಗುತ್ತೆ, ಇಲ್ಲಿ ಬಂದು ಇದಕ್ಕೆ ಸೇರುತ್ತೆ' ಅನ್ನುವ ಥರದ ಮಾತುಗಳು. ಮೇಡಂ ಬೋರ್ಡ್ ತೋರಿಸಿ ಹೇಳಿದ್ದು. ಕಾಗದದಲ್ಲಿ 'ಇದು' ಯಾವುದು? ಪಠ್ಯಪುಸ್ತಕದ ನೆಫ್ರಾನಿನ ಚಿತ್ರವನ್ನು ಪಕ್ಕಕ್ಕೆ ಇಟ್ಟುಕೊಂಡು ಒಂದೊಂದು 'ಇದು'ಗೂ ಹೆಸರು ಬರೆದೆವು. ಎರಡು ಕಡೆ ಚಿತ್ರ ನೋಡಿದರೂ ತೀರ್ಮಾನ ಆಗಲಿಲ್ಲ. ಅಲ್ಲಿ ಊಹೆ ಮಾಡುವುದು ಬೇಡ ಅಂತ ನಿಮಿಷದ ಜೊತೆ ಒಂದು ಪ್ರಶ್ನೆ ಚಿಹ್ನೆ ಹಾಕಿ ಬಿಟ್ಟೆವು. ಕಾಲೇಜಿಗೆ ಹೋದಾಗ ಮೇಡಂ ಅವರನ್ನೇ ಕೇಳಿದರಾಯಿತು.

ಆಮೇಲೆ ಮುಖ್ಯ ಪದಗಳನ್ನು ಬೇರೆ ಮಾಡುವ ಕೆಲಸ. ಹೊಸದಾಗಿ ಕೇಳಿದ ಪದಗಳೆಲ್ಲ ಮುಖ್ಯ ಅಂತ ಅವಳಿಗೆ ಅನಿಸುತ್ತಿತ್ತು. ನಾನು ಎರಡು ಪ್ರಶ್ನೆ ಇಟ್ಟೆ. ಈ ಪದ ಬರೆಯದೆ ಪರೀಕ್ಷೆಯಲ್ಲಿ ಉತ್ತರ ಪೂರ್ತಿ ಆಗುತ್ತದಾ? ಮುಂದಿನ ಯಾವುದಾದರೂ ತಲೆಬರಹದ ಕೆಳಗೆ ಈ ಪದ ಮತ್ತೆ ಬರುತ್ತದಾ? ಈ ಜರಡಿಯಲ್ಲಿ ಉಳಿದದ್ದು ಹತ್ತಕ್ಕಿಂತ ಕಡಿಮೆ. ಅವನ್ನು ವಾಕ್ಯದ ನಡುವೆ ದಪ್ಪ ಮಾಡಿ ಬಿಡುವ ಬದಲು, ಪುಟದ ಎಡಗಡೆ ಮೂರು ಬೆರಳಗಲ ಜಾಗ ಮಡಿಸಿ ಅಲ್ಲಿ ಬರೆಸಿದೆ. ಪದ, ಅದರ ಕೆಳಗೆ ಒಂದೇ ಸಾಲಿನ ಅರ್ಥ, ಅಷ್ಟೇ. ಪದ ಮೊದಲ ಸಲ ನಿಜವಾಗಿ ಬಳಕೆಗೆ ಬರುವ ಸಾಲಿನ ಎದುರಿಗೇ ಅದು ಇರಬೇಕು. 'ಮರುಹೀರಿಕೆ: ನಳಿಕೆಯಿಂದ ರಕ್ತಕ್ಕೆ ವಾಪಸ್ ಹೋಗುವುದು'. ಅದರ ಪಕ್ಕದಲ್ಲೇ 'ಸ್ರವಿಕೆ: ರಕ್ತದಿಂದ ನಳಿಕೆಗೆ ಬರುವುದು'. ದಿಕ್ಕು ಬೇರೆ ಇರುವ ಎರಡು ಪದಗಳನ್ನು ಹೀಗೆ ಜೋಡಿಯಾಗಿ ಇಟ್ಟರೆ ಗೊಂದಲ ಆಗುವುದಿಲ್ಲ. ಎಡಭಾಗ ಮಡಿಸಿ ಮುಚ್ಚಿದರೆ ತನ್ನನ್ನು ತಾನೇ ಕೇಳಿಕೊಳ್ಳುವುದಕ್ಕೂ ಬರುತ್ತದೆ.

ಏನನ್ನು ಬಿಡುವುದು ಅನ್ನುವುದರಲ್ಲಿ ನಮಗೆ ಸ್ವಲ್ಪ ವಾದ ಆಯಿತು. 'ಅರ್ಥ ಆಯ್ತಾ', 'ಹಿಂದೆ ಕೂತವರು ಸುಮ್ನಿರಿ' ಎಲ್ಲ ಹೋಯಿತು. ಮೇಡಂ ಕೊಟ್ಟ ಉದಾಹರಣೆಯನ್ನೂ ಅವಳು ಹೊಡೆದುಹಾಕಲು ಹೊರಟಿದ್ದಳು. ಬೀರುವಿನಲ್ಲಿ ಇರುವುದನ್ನೆಲ್ಲ ಹೊರಗೆ ತೆಗೆದು, ಬೇಕಾದ್ದನ್ನು ಮಾತ್ರ ವಾಪಸ್ ಜೋಡಿಸುವ ಹಾಗೆ ಕಿಡ್ನಿ ಕೆಲಸ ಮಾಡುತ್ತದೆ ಅಂತ ಅವರು ಹೇಳಿದ್ದರು. ಅದು ಬೇಕೇ ಬೇಕು ಅಂದೆ. ದಿನಕ್ಕೆ 180 ಲೀಟರ್ ಸೋಸಿ ಒಂದೂವರೆ ಲೀಟರ್ ಮಾತ್ರ ಹೊರಗೆ ಹಾಕುವುದು ಯಾಕೆ ಅನ್ನುವ ಪ್ರಶ್ನೆಗೆ ಆ ಒಂದು ಸಾಲಿನಲ್ಲಿ ಉತ್ತರ ಇದೆ. ಮೇಡಂ ಮೂರು ಸಲ ಹೇಳಿದ ಮಾತನ್ನು ಒಂದೇ ಸಲ ಬರೆದು ಪಕ್ಕದಲ್ಲಿ ಒಂದು ನಕ್ಷತ್ರ ಹಾಕಿದೆವು. ತರಗತಿಯಲ್ಲಿ ದನಿಯಿಂದ ಗೊತ್ತಾಗುತ್ತಿದ್ದದ್ದು ಹಾಗಾದರೂ ಉಳಿಯಲಿ ಅಂತ.

ಕೊನೆಯದು ಸಾರಾಂಶ. ಇದನ್ನು ನೋಟ್ಸ್ ನೋಡಿಕೊಂಡು ಬರೆಯಬಾರದು. ಹಾಳೆ ಮಗುಚಿಟ್ಟು, ಒಂದು ಹನಿ ದ್ರವ ಗ್ಲೊಮೆರುಲಸ್‌ನಿಂದ ಹೊರಟು ಎಲ್ಲೆಲ್ಲಿ ಹೋಗುತ್ತದೆ ಬರೆ ಅಂದೆ. ಚೆನ್ನಾಗಿಯೇ ಬರೆದುಕೊಂಡು ಹೋದಳು. 'ಏರುವ ಕವಲು ಉಪ್ಪನ್ನು ಹೊರಗೆ ಹಾಕುತ್ತದೆ' ಅಂತ ಬರೆದು ಪೆನ್ ಎತ್ತಿದಳು. ಮುಂದಿನ ವಾಕ್ಯ 'ಎಡಿಎಚ್ ಇದ್ದರೆ ಸಂಗ್ರಾಹಕ ನಾಳದಿಂದ ನೀರು ಹೊರಗೆ ಹೋಗುತ್ತದೆ'. ಎರಡಕ್ಕೂ ಕೊಂಡಿ ಇಲ್ಲ. ನೀರು ಯಾಕೆ ಹೋಗುತ್ತದೆ ಅಂದೆ. ನೋಟ್ಸ್ ತೆಗೆದು ನೋಡಿದರೆ ಅಲ್ಲೂ ಇರಲಿಲ್ಲ. ಮೇಡಂ ಅದನ್ನು ಹೇಳಿದ್ದು 17ನೇ ನಿಮಿಷದಲ್ಲಿ, ಆ ಹುಡುಗನಿಗೆ ಉತ್ತರ ಕೊಡುವಾಗ, ಒಂದೇ ಒಂದು ವಾಕ್ಯದಲ್ಲಿ. ಭಾಗವನ್ನು ಎತ್ತಿ ಇಡುವಾಗ ಅದು ಕೆಳಗೆ ಜಾರಿತ್ತು. ಅದನ್ನು ಹುಡುಕಿ ಕುಣಿಕೆಯ ಭಾಗದ ಕೊನೆಗೆ ಸೇರಿಸಿದೆವು. ಆಮೇಲೆ ಸಾರಾಂಶ ಹೀಗೆ ನಿಂತಿತು:

'ಗ್ಲೊಮೆರುಲಸ್‌ನಲ್ಲಿ ನಿಮಿಷಕ್ಕೆ ಸುಮಾರು 125 ಮಿ.ಲೀ. ದ್ರವ ಸೋಸಿ ಬರುತ್ತದೆ. ರಕ್ತಕಣಗಳೂ ದೊಡ್ಡ ಪ್ರೋಟೀನುಗಳೂ ರಕ್ತದಲ್ಲೇ ಉಳಿಯುತ್ತವೆ. ಮೊದಲ ಸುರುಳಿಯಲ್ಲಿ ಗ್ಲೂಕೋಸ್ ಹೆಚ್ಚುಕಡಿಮೆ ಪೂರ್ತಿ, ನೀರು ಮತ್ತು ಸೋಡಿಯಂ ಸುಮಾರು ಮೂರರಲ್ಲಿ ಎರಡು ಪಾಲು ರಕ್ತಕ್ಕೆ ವಾಪಸ್ ಹೋಗುತ್ತವೆ. ಇಳಿಯುವ ಕವಲು ನೀರನ್ನು ಬಿಡುತ್ತದೆ. ಏರುವ ಕವಲು ಉಪ್ಪನ್ನು ಹೊರಗೆ ಹಾಕುತ್ತದೆ, ನೀರನ್ನು ಬಿಡುವುದಿಲ್ಲ. ಹೊರಬಂದ ಉಪ್ಪು ಕಿಡ್ನಿಯ ಒಳಭಾಗದಲ್ಲೇ ಉಳಿದು ಅದನ್ನು ಸಾಂದ್ರವಾಗಿಸುತ್ತದೆ. ಸಂಗ್ರಾಹಕ ನಾಳ ಅದರ ನಡುವೆಯೇ ಹಾದುಹೋಗುತ್ತದೆ. ಎಡಿಎಚ್ ಇದ್ದರೆ ನಾಳದ ನೀರನ್ನು ಆ ಉಪ್ಪು ತನ್ನ ಕಡೆ ಎಳೆದುಕೊಳ್ಳುತ್ತದೆ, ಮೂತ್ರ ಗಟ್ಟಿಯಾಗುತ್ತದೆ. ನೀರು ಜಾಸ್ತಿ ಕುಡಿದಾಗ ಎಡಿಎಚ್ ಕಡಿಮೆಯಾಗುತ್ತದೆ, ನೀರು ನಾಳದಲ್ಲೇ ಉಳಿದು ಮೂತ್ರ ತಿಳಿಯಾಗುತ್ತದೆ.'

ನೋಟ್ಸಿನಲ್ಲಿ ಇಲ್ಲದ ಒಂದು ಮಾತೂ ಇದರಲ್ಲಿ ಇಲ್ಲ. ಆಲ್ಡೊಸ್ಟೆರೋನ್ ಅನ್ನುವ ಹಾರ್ಮೋನಿನ ವಿಷಯ ಸೇರಿಸೋಣವಾ ಅಂತ ಅವಳೇ ಕೇಳಿದಳು. ಬೇಡ ಅಂದೆ. ಮೇಡಂ ಆ ಪಾಠದಲ್ಲಿ ಅದನ್ನು ಹೇಳಿರಲಿಲ್ಲ, ಮುಂದಿನ ತರಗತಿಗೆ ಅಂತ ಇಟ್ಟುಕೊಂಡಿದ್ದರು. ಸಾರಾಂಶದಲ್ಲಿ ಹೊಸದು ಬಂದರೆ, ಅದರ ವಿವರ ಹುಡುಕಲು ನೋಟ್ಸಿಗೆ ಹೋದವರಿಗೆ ಏನೂ ಸಿಗುವುದಿಲ್ಲ.

ನಾಲ್ಕು ಪುಟ ಆಯಿತು. ಬುಧವಾರ ಅವಳು ಕಾಲೇಜಿಗೆ ಹೋಗಿ ಮೇಡಂ ಅವರಿಗೆ ಆ ಎರಡು ಪ್ರಶ್ನೆ ಚಿಹ್ನೆಗಳನ್ನು ತೋರಿಸಿದಳು. ಒಂದು 'ಇದು' ಅಂದರೆ ಕುಣಿಕೆಯ ಪಕ್ಕದಲ್ಲೇ ಸಾಗುವ ಸಣ್ಣ ರಕ್ತನಾಳ, ವಾಸಾ ರೆಕ್ಟಾ. ಇನ್ನೊಂದು ದೂರದ ಸುರುಳಿ. ಎರಡನ್ನೂ ಅವರೇ ಪೆನ್ಸಿಲಿನಲ್ಲಿ ಬರೆದು ಕೊಟ್ಟರಂತೆ.